ಒಂದು ಕುಕ್ಕರ್, ಎರಡು ಬಲೂನು

1783ರ ಆಗಸ್ಟ್ 27ರಂದು ಪ್ಯಾರಿಸ್ ಹತ್ತಿರದ ಗೊನೆಸ್ ಎಂಬ ಹಳ್ಳಿಯಲ್ಲಿ ಆಕಾಶದಿಂದ ಏನೋ ಒಂದು ಬಿತ್ತು. ದೊಡ್ಡ ಚೀಲದಂಥ ವಸ್ತು. ನೆಲದ ಮೇಲೆ ಬಿದ್ದು ಹೊರಳಾಡುತ್ತಿತ್ತು, ಒಳಗಿಂದ ಕೆಟ್ಟ ವಾಸನೆ ಬರುತ್ತಿತ್ತು. ಹಳ್ಳಿಯವರು ಇದು ಯಾವುದೋ ಭೂತವೇ ಇರಬೇಕು ಅಂದುಕೊಂಡು ಕೈಗೆ ಸಿಕ್ಕ ಕವೆಗೋಲುಗಳಿಂದ ಚುಚ್ಚಿ ಹರಿದರು. ಆಮೇಲೆ ಕುದುರೆ ಬಾಲಕ್ಕೆ ಕಟ್ಟಿ ಎಳೆದಾಡಿದರು ಅಂತಲೂ ಕಥೆಯಿದೆ. ಅದು ಜಾಕ್ ಶಾರ್ಲ್ ಎಂಬಾತ ಅವತ್ತೇ ಪ್ಯಾರಿಸ್ಸಿನಿಂದ ಹಾರಿಬಿಟ್ಟ ಬಲೂನು. ಜಗತ್ತಿನ ಮೊದಲ ಜಲಜನಕದ ಬಲೂನು ಅದೇ.

2025ರ ಜನವರಿಯಲ್ಲಿ ನಮ್ಮ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲೂ ಹೀಗೇ ಆಯಿತು. ಬೆಳಿಗ್ಗೆ ಜನ ಏಳುವ ಹೊತ್ತಿಗೆ ದೊಡ್ಡ ಬಲೂನು, ಅದರ ಜೊತೆ ಒಂದು ಯಂತ್ರ ಮನೆಯೊಂದರ ಮೇಲೆ ಬಂದು ಬಿದ್ದಿತ್ತು. ಊರವರು ಹೆದರಿದ್ದು ನಿಜ. ಆದರೆ ಯಾರೂ ಕವೆಗೋಲು ಎತ್ತಲಿಲ್ಲ. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹಾರಿಬಂದದ್ದು ಅಂತ ಗೊತ್ತಾಯಿತು. ಚಾಲುಕ್ಯರ ಕಾಲದ ಗುಡಿಗೆ, ಶಾಸನ ಬರೆಯುವ ಶಿಲಾಬಾಲಿಕೆಗೆ ಹೆಸರಾದ ಜಲಸಂಗಿ ಆ ವಾರ ಬೇರೆಯೇ ಕಾರಣಕ್ಕೆ ಸುದ್ದಿಯಾಯಿತು.

ನಾನು ಅಲ್ಲೇ ಹತ್ತಿರದ ರಾಜೇಶ್ವರದವ. ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ಪಿಯುಸಿಯಲ್ಲಿ ಉರು ಹೊಡೆದ ಅನಿಲ ನಿಯಮಗಳು. ಬಾಯ್ಲ್ ನಿಯಮ, ಚಾರ್ಲ್ಸ್ ನಿಯಮ ಅಂತ ಓದುತ್ತೇವಲ್ಲ, ಆ ಚಾರ್ಲ್ಸೇ ಈ ಶಾರ್ಲ್. ನಿಯಮಕ್ಕೆ ಉದಾಹರಣೆ ಕೊಡಿ ಅಂದರೆ ಎರಡು ಉತ್ತರ ಸಿದ್ಧ ಇರುತ್ತಿದ್ದವು: ಬಿಸಿಯಾದ ಬಲೂನು ಉಬ್ಬುತ್ತದೆ, ಕುಕ್ಕರಿನಲ್ಲಿ ಒತ್ತಡ ಏರುತ್ತದೆ. ಬಲೂನಿನ ಉತ್ತರ ಸರಿ. ಕುಕ್ಕರಿನದು ಮಾತ್ರ ಅರ್ಧ ಸರಿ. ಉಳಿದರ್ಧದಲ್ಲೇ ಮಜಾ ಇರೋದು.

ಮೊದಲು ಕುಕ್ಕರಿನ ಕಥೆ ನೋಡೋಣ, ಯಾಕೆಂದರೆ ಬಲೂನಿಗಿಂತ ಅದೇ ನೂರು ವರ್ಷ ಹಿರಿದು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1662ರಲ್ಲಿ ಒಂದು ಲೆಕ್ಕ ಪ್ರಕಟಿಸಿದ. ಬಾಗಿದ ಗಾಜಿನ ಕೊಳವೆಯ ಮುಚ್ಚಿದ ತುದಿಯಲ್ಲಿ ಸ್ವಲ್ಪ ಗಾಳಿಯನ್ನು ಹಿಡಿದಿಟ್ಟು, ಇನ್ನೊಂದು ತುದಿಯಿಂದ ಪಾದರಸ ಸುರಿಯುತ್ತಾ ಹೋದ. ಒತ್ತಡ ಎರಡರಷ್ಟಾದಾಗ ಗಾಳಿಯ ಗಾತ್ರ ಅರ್ಧಕ್ಕಿಳಿಯಿತು. ಸೈಕಲ್ ಪಂಪಿನ ಮುಂದಿನ ತೂತಿಗೆ ಬೆರಳಿಟ್ಟು ಒತ್ತಿದರೆ ನಮ್ಮ ಕೈಗೆ ತಿಳಿಯುವುದೂ ಇದೇ. ಇದೇ ಬಾಯ್ಲ್ ಬಳಿ ಕೆಲವು ವರ್ಷ ಸಹಾಯಕನಾಗಿ ದುಡಿದವನು ಫ್ರಾನ್ಸಿನಿಂದ ಬಂದ ಡೆನಿ ಪಾಪಿನ್. ಇವನು 1679ರಲ್ಲಿ ಗಟ್ಟಿ ಮುಚ್ಚಳದ ಒಂದು ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ. ಅದರಲ್ಲಿ ಬೇಯಿಸಿದರೆ ಎಲುಬು ಕೂಡ ಮೆತ್ತಗಾಗುತ್ತಿತ್ತು. 1682ರಲ್ಲಿ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಮಾಡಿದ ಊಟ ಬಡಿಸಿದ. ಪಾತ್ರೆ ಸಿಡಿಯಬಾರದು ಅಂತ ಒಂದು ಸಣ್ಣ ತೂತು ಇಟ್ಟು, ಅದರ ಮೇಲೆ ಸನ್ನೆಯಿಂದ ಭಾರ ಕೂರಿಸಿದ್ದ. ಒಳಗಿನ ಒತ್ತಡ ಮಿತಿ ಮೀರಿದರೆ ಭಾರ ಮೇಲೇಳುತ್ತದೆ, ಉಗಿ ಹೊರಬೀಳುತ್ತದೆ. ನಮ್ಮ ಕುಕ್ಕರಿನ ಸೀಟಿಯ ಮುತ್ತಜ್ಜ ಅದೇ.

ಈಗ ಅರ್ಧ ಸರಿಯಾದ ಉತ್ತರಕ್ಕೆ ಬರೋಣ. ಒಂದು ಖಾಲಿ ಕುಕ್ಕರ್ ತಗೊಳ್ಳಿ. ಒಳಗೆ ಬರೀ ಗಾಳಿ, ಗಟ್ಟಿಯಾಗಿ ಮುಚ್ಚಿದೆ, ಉಷ್ಣತೆ 27 ಡಿಗ್ರಿ. ಅದನ್ನು 120 ಡಿಗ್ರಿಗೆ ಕಾಯಿಸಿದೆವು ಅಂತ ಇಟ್ಟುಕೊಳ್ಳಿ (ನಿಜವಾಗಿ ಮಾಡಬೇಡಿ, ಲೆಕ್ಕಕ್ಕಷ್ಟೇ). ಅನಿಲ ನಿಯಮಗಳಿಗೆ ಸೆಲ್ಸಿಯಸ್ ನಡೆಯೋದಿಲ್ಲ. 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಬೇಕು. 27 ಅಂದರೆ 300, 120 ಅಂದರೆ 393. ಗಾತ್ರ ಬದಲಾಗದಿದ್ದರೆ ಒತ್ತಡ ಇದೇ ಪ್ರಮಾಣದಲ್ಲಿ ಏರುತ್ತದೆ. 393ನ್ನು 300ರಿಂದ ಭಾಗಿಸಿದರೆ 1.31. ಅಂದರೆ ಒತ್ತಡ ಮೂರರಲ್ಲಿ ಒಂದು ಪಾಲಿನಷ್ಟೂ ಏರಲಿಲ್ಲ.

ಆದರೆ ನಿಜವಾದ ಕುಕ್ಕರಿನ ಸೀಟಿ ಏಳುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟಾದಾಗ. ಹಾಗಾದರೆ ಉಳಿದ ಒತ್ತಡ ಎಲ್ಲಿಂದ ಬಂತು? ಬೇಳೆಯ ನೀರಿನಿಂದ. ಗಾಳಿ ಇದ್ದಷ್ಟೇ ಇರುತ್ತದೆ. ನೀರು ಮಾತ್ರ ಬಿಸಿಯಾದಂತೆ ಹೊಸ ಹೊಸ ಉಗಿಯನ್ನು ಒಳಗೆ ತುಂಬುತ್ತಲೇ ಹೋಗುತ್ತದೆ. ಪುಸ್ತಕದ ಸೂತ್ರ PV = nRT. ಇದರಲ್ಲಿ n ಅಂದರೆ ಅನಿಲ ಎಷ್ಟಿದೆ ಅನ್ನುವ ಲೆಕ್ಕ. ಬಾಯ್ಲ್, ಶಾರ್ಲ್ ಇಬ್ಬರ ನಿಯಮಗಳೂ n ಬದಲಾಗುವುದಿಲ್ಲ ಅಂತ ಹಿಡಿದು ಹೇಳಿದವು. ಕುಕ್ಕರಿನಲ್ಲಿ ಏರುವುದೇ n. 100 ಡಿಗ್ರಿಯಲ್ಲಿ ನೀರಿನ ಉಗಿಯ ಒತ್ತಡ ಒಂದು ವಾತಾವರಣದಷ್ಟು, 120 ಡಿಗ್ರಿಯಲ್ಲಿ ಸುಮಾರು ಎರಡು. 20 ಡಿಗ್ರಿಗೇ ದುಪ್ಪಟ್ಟು!

ಇದನ್ನು ಕಣ್ಣಾರೆ ನೋಡಬೇಕಾದರೆ ಬೇಳೆ ಬೆಂದ ಮೇಲೆ ಸೀಟಿ ಎತ್ತದೆ ಕುಕ್ಕರನ್ನು ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಸೀಟಿ ತೆಗೆದರೆ ಎಷ್ಟೋ ಸಲ ಸುಯ್ ಅಂತ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಸೀಟಿ ಹಾಗೇ ಇದ್ದರೆ ಮುಚ್ಚಳ ಜಗ್ಗಿದರೂ ಬರುವುದಿಲ್ಲ. ಒಳಗಿದ್ದದ್ದು ಬರೀ ಗಾಳಿಯಾಗಿದ್ದರೆ ತಣ್ಣಗಾದ ಮೇಲೆ ಮೊದಲಿದ್ದ ಒತ್ತಡಕ್ಕೇ ಮರಳುತ್ತಿತ್ತು. ಆದರೆ ಉಗಿ ಗಾಳಿಯನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ತಾನು ಕೂತಿತ್ತು. ತಣ್ಣಗಾದಾಗ ಉಗಿಯೂ ನೀರಾಯಿತು, ಒಳಗೆ ಹೆಚ್ಚೇನೂ ಉಳಿಯಲಿಲ್ಲ. ಉಗಿ ನೀರಾಗುವ ಈ ಹಂತದಲ್ಲಿ ಅನಿಲ ನಿಯಮ ಕೈ ಕೊಡುತ್ತದೆ.

ಮೊದಲ ಸೀಟಿಯ ಗುಟ್ಟೂ ಇಲ್ಲೇ ಇದೆ. ಮುಚ್ಚಳದ ತೂತಿನಿಂದ ಉಗಿ ಜೋರಾಗಿ ಬಂದ ಮೇಲೆ ಸೀಟಿ ಇಡಿ ಅಂತ ಕುಕ್ಕರಿನ ಜೊತೆ ಬರುವ ಪುಸ್ತಕದಲ್ಲಿ ಹೇಳಿರುತ್ತದೆ. ಆದರೆ ಎಷ್ಟೋ ಮನೆಯಲ್ಲಿ ಸೀಟಿ ಇಟ್ಟೇ ಒಲೆ ಹಚ್ಚುತ್ತಾರೆ. ಹಾಗೆ ಮಾಡಿದರೆ ಒಳಗಿನ ಗಾಳಿ ಹೊರಹೋಗುವುದಿಲ್ಲ. 93 ಡಿಗ್ರಿ ಹೊತ್ತಿಗೆ ಆ ಗಾಳಿಯ ಒತ್ತಡವೇ 1.2ರಷ್ಟಾಗಿರುತ್ತದೆ, ಉಗಿಯದು 0.8ರ ಹತ್ತಿರ. ಎರಡೂ ಸೇರಿ ಎರಡಾಯಿತು, ಸೀಟಿ ಹೊಡೆಯಿತು! ಕುಕ್ಕರ್ ಕೂಗಿದೆ, ಆದರೆ ಬೇಳೆ ಇನ್ನೂ ತೆರೆದ ಪಾತ್ರೆಯಲ್ಲಿ ಕುದಿಯುವಷ್ಟೂ ಬಿಸಿಯಾಗಿಲ್ಲ. ಎರಡನೇ ಮೂರನೇ ಸೀಟಿಗೆ ಗಾಳಿ ಹೊರಬಿದ್ದು ಉಗಿ ತುಂಬಿದ ಮೇಲೆಯೇ 120ರ ಹತ್ತಿರ ಹೋಗುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು "ಮೊದಲನೇ ಸೀಟಿ ಎಣಸಬ್ಯಾಡ" ಅನ್ನುವುದು ಸುಮ್ಮನೆ ಅಲ್ಲ. ಹುಮನಾಬಾದ್, ರಾಜೇಶ್ವರದ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹಚ್ಚಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ತೊಗರಿ ಬೇಳೆ ಬೇಗ ಬೇಯುವುದು ಕುಕ್ಕರ್ ಆ ಮಿತಿಯನ್ನು ದಾಟಿಸುವುದರಿಂದ.

ಇನ್ನು ಬಲೂನು. ಕುಕ್ಕರಿನ ಗೋಡೆ ಗಟ್ಟಿ, ಅದಕ್ಕೇ ಕಾಯಿಸಿದರೆ ಒತ್ತಡ ಏರುತ್ತದೆ. ಬಲೂನಿನ ಗೋಡೆ ಬಾಗುತ್ತದೆ, ಅದಕ್ಕೇ ಗಾತ್ರ ಏರುತ್ತದೆ. 1783ರ ಜೂನ್‌ನಲ್ಲಿ ಮಾಂಗಾಲ್ಫಿಯೆ ಸಹೋದರರು ಹುಲ್ಲು, ಉಣ್ಣೆ ಸುಟ್ಟು ಬಿಸಿಗಾಳಿಯ ಬಲೂನು ಹಾರಿಸಿದರು. ಹಗುರವಾದದ್ದು ಹೊಗೆ ಅಂತ ಅವರು ನಂಬಿದ್ದರು. ಅಸಲಿಗೆ ಗಾಳಿ ಬಿಸಿಯಾಗಿ ಹಿಗ್ಗಿತ್ತು, ಅಷ್ಟೇ. ಮತ್ತೆ ಅದೇ ಲೆಕ್ಕ: 27 ಡಿಗ್ರಿಯ ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೆ 300ಕ್ಕೆ 373, ಗಾತ್ರ 1.24 ಪಟ್ಟು. ಒಂದು ಘನ ಮೀಟರ್ ಗಾಳಿ 1.17 ಕಿಲೋ ತೂಗುತ್ತಿದ್ದದ್ದು ಈಗ 0.94 ಕಿಲೋ. ಎತ್ತುವ ಬಲ ಘನ ಮೀಟರಿಗೆ ಕಾಲು ಕಿಲೋದಷ್ಟೂ ಇಲ್ಲ. ಜಲಜನಕವಾದರೆ ಒಂದು ಕಿಲೋಗಿಂತ ಹೆಚ್ಚು ಎತ್ತುತ್ತದೆ. ಶಾರ್ಲ್ ಕಬ್ಬಿಣದ ಮೇಲೆ ಗಂಧಕಾಮ್ಲ ಸುರಿದು ಕಷ್ಟಪಟ್ಟು ಜಲಜನಕ ತಯಾರಿಸಿದ್ದು ಇದಕ್ಕೇ.

ಆದರೆ ಅವನ ಮೊದಲ ಬಲೂನು ಮುಕ್ಕಾಲು ತಾಸಿನಲ್ಲೇ ಗೊನೆಸ್‌ನಲ್ಲಿ ಬಿದ್ದದ್ದೇಕೆ? ಅದರ ಬಾಯಿ ಕಟ್ಟಿತ್ತು. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಬಾಯ್ಲ್ ಹೇಳಿದಂತೆ ಒಳಗಿನ ಅನಿಲ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ಅಂದರೆ ಬಾಯಿ ಕಟ್ಟಿದ ಬಲೂನು ಎತ್ತರದಲ್ಲಿ ಕುಕ್ಕರೇ ಆಗಿಬಿಡುತ್ತದೆ, ಸೀಟಿ ಇಲ್ಲದ ಕುಕ್ಕರ್. ಡಿಸೆಂಬರ್ 1ರಂದು ತಾನೇ ಕೂತು ಹಾರಿದ ಬಲೂನಿನಲ್ಲಿ ಶಾರ್ಲ್ ಕೆಳಗಿನ ಕೊಳವೆ ತೆರೆದಿಟ್ಟ, ಮೇಲೆ ಒಂದು ಕವಾಟ ಇಟ್ಟ. ಬಿಸಿ ಮಾಡಿದರೆ ಬೇರೆ ಬೇರೆ ಅನಿಲಗಳು ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಅನ್ನುವುದನ್ನೂ ಮುಂದೆ ಅವನೇ ಕಂಡುಕೊಂಡ, ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಗೇ ಲುಸಾಕ್ ಇದನ್ನು ಅಳೆದು ಬರೆದಾಗ, ಶಾರ್ಲ್ ಇದನ್ನು 15 ವರ್ಷ ಮೊದಲೇ ಗಮನಿಸಿದ್ದ ಅಂತ ಪ್ರಾಮಾಣಿಕವಾಗಿ ಹೇಳಿದ. ನಿಯಮಕ್ಕೆ ಆ ಹೆಸರು ಬಂದದ್ದು ಹಾಗೆ.

ಹೈದರಾಬಾದಿನ ಬಲೂನುಗಳೂ ಜಲಜನಕದವೇ, ಕೆಳಗೆ ಅನಿಲ ಹೊರಹೋಗಲು ದಾರಿ ಬಿಟ್ಟವೇ. ತೆಳು ಪಾಲಿಥೀನಿನ ಈ ಚೀಲಗಳು 30 ಕಿಲೋಮೀಟರಿಗಿಂತ ಮೇಲೆ ಹೋಗುತ್ತವೆ. 30 ಕಿಲೋಮೀಟರಿನಲ್ಲಿ ಗಾಳಿಯ ಒತ್ತಡ ನೆಲದ್ದರ 80ರಲ್ಲಿ ಒಂದು ಪಾಲು. ಬಾಯ್ಲ್ ಪ್ರಕಾರ ಅನಿಲ 80 ಪಟ್ಟು ಹಿಗ್ಗಬೇಕು. ಆದರೆ ಅಲ್ಲಿ ಚಳಿ ಮೈನಸ್ 45 ಡಿಗ್ರಿ, ಅಂದರೆ 228 ಕೆಲ್ವಿನ್. ಶಾರ್ಲ್ ಪ್ರಕಾರ ಕುಗ್ಗಲೂ ಬೇಕು. 80ನ್ನು 228ರಿಂದ ಗುಣಿಸಿ 300ರಿಂದ ಭಾಗಿಸಿದರೆ ಸುಮಾರು 60 ಪಟ್ಟು. ಹಾಗಾಗಿ ಹಾರಿಸುವಾಗ ತಲೆಯಲ್ಲಿ ಮಾತ್ರ ಒಂದಿಷ್ಟು ಅನಿಲ ತುಂಬಿರುತ್ತಾರೆ. ಉಳಿದ ಉದ್ದನೆಯ ಚೀಲ ಜೋತುಬಿದ್ದಿರುತ್ತದೆ. ನೋಡಿದವರಿಗೆ ಅನಿಲ ಸಾಕಾಗಿಲ್ಲ ಅನ್ನಿಸಬೇಕು. ಮೇಲೆ ಹೋದ ಮೇಲೆಯೇ ಅದು ಪೂರ್ತಿ ಉಬ್ಬುವುದು.

ಗೊನೆಸ್ ಪ್ರಕರಣದ ಹೊತ್ತಿನಲ್ಲಿ ಫ್ರೆಂಚ್ ಸರ್ಕಾರ ಒಂದು ಪ್ರಕಟಣೆ ಹೊರಡಿಸಿತು: ಆಕಾಶದಲ್ಲಿ ಇಂಥ ಗೋಳ ಕಂಡರೆ ಹೆದರಬೇಡಿ, ಅದು ಬಟ್ಟೆಯ ಯಂತ್ರ ಅಷ್ಟೇ. ಹೈದರಾಬಾದಿನ ಕೇಂದ್ರವೂ ಹಾರಾಟದ ಋತುವಿಗೆ ಮುಂಚೆ ಬೀದರ್, ಕಲಬುರಗಿ, ಸೋಲಾಪುರ ಕಡೆಯ ಜನರಿಗಾಗಿ ಪ್ರಕಟಣೆ ಕೊಡುತ್ತದೆ. ಉಪಕರಣ ಬಣ್ಣದ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ಅದರ ಮೇಲೆ ವಿಳಾಸ, ಫೋನ್ ನಂಬರ್ ಇರುತ್ತದೆ. ಬಿಚ್ಚಬಾರದು, ಕೆಲವದರಲ್ಲಿ ಹೈ ವೋಲ್ಟೇಜ್ ಇರಬಹುದು. ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪೋಸ್ಟ್ ಆಫೀಸಿಗೆ ಹೇಳಿದರೆ ಬಹುಮಾನವೂ ಉಂಟು. ರಾಜೇಶ್ವರ ಇರುವುದು ಹೈದರಾಬಾದ್-ಸೋಲಾಪುರ ಹೆದ್ದಾರಿಯ ಮೇಲೆ, ಬಲೂನುಗಳು ಇಳಿಯುವುದೂ ಆ ಗೆರೆಯ ಆಸುಪಾಸಿನಲ್ಲೇ. ಮುಂದಿನ ಸಲ ಅದು ನಮ್ಮೂರ ಹೊಲಕ್ಕೇ ಬಂದರೂ ಬರಬಹುದು. ಹರಿದ ಪ್ಲಾಸ್ಟಿಕ್ ಚೀಲದಲ್ಲಿ ಜಲಜನಕ ಉಳಿದಿರಬಹುದು, ಅದರ ಹತ್ತಿರ ಬೀಡಿ ಹಚ್ಚಬೇಡಿ ಅನ್ನುವುದೊಂದನ್ನು ಮಾತ್ರ ನನ್ನ ಕಡೆಯಿಂದ ಸೇರಿಸುತ್ತೇನೆ.