ಯುಪಿಐ ದಿನದ ಮಿತಿ

ಒಂದು ಬ್ಯಾಂಕ್ ಖಾತೆಯಿಂದ ದಿನಕ್ಕೆ ಎಷ್ಟು ಹಣ, ಎಷ್ಟು ಸಲ ಯುಪಿಐ ಮೂಲಕ ಕಳಿಸಬಹುದು ಎಂಬ ಕಟ್ಟುಪಾಡೇ ದಿನದ ಮಿತಿ. ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಯುಪಿಐ ಶುರು ಮಾಡಿದಾಗ ಒಂದು ಪಾವತಿಗೆ 1 ಲಕ್ಷ ರೂಪಾಯಿ ಗರಿಷ್ಠವಾಗಿತ್ತು. ಅದೇ ಡಿಸೆಂಬರಿನಲ್ಲಿ ಬಂದ ಭೀಮ್ ಆ್ಯಪ್ ಇನ್ನೂ ಬಿಗಿಯಾಗಿತ್ತು: ಸಲಕ್ಕೆ 10,000, ದಿನಕ್ಕೆ 20,000. ಮುಂದೆ ಮೊತ್ತದ ಜೊತೆ ಎಣಿಕೆಗೂ ಮಿತಿ ಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಪಾವತಿ ಸಾಮಾನ್ಯವಾಗಿ ದಿನಕ್ಕೆ 20 ಸಲ, ಕೆಲವು ಬ್ಯಾಂಕುಗಳಲ್ಲಿ ಅದಕ್ಕೂ ಕಡಿಮೆ. ನಿಗಮದ ಗರಿಷ್ಠದೊಳಗೆ ತನ್ನದೇ ಕಡಿಮೆ ಮಿತಿ ಇಡಲು ಪ್ರತಿ ಬ್ಯಾಂಕಿಗೂ ಅವಕಾಶವಿದೆ. ದುಡ್ಡಿದ್ದೂ ಪಾವತಿ ಆಗದ ಗೊಂದಲದ ಮೂಲ ಬಹುಪಾಲು ಇಲ್ಲಿದೆ: ಗ್ರಾಹಕ ನೋಡುವುದು ಬ್ಯಾಲೆನ್ಸ್, ಬ್ಯಾಂಕ್ ಅದರ ಜೊತೆಗೆ ಲೆಕ್ಕವನ್ನೂ ನೋಡುತ್ತದೆ.

ವಿಜಯನಗರದ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನವನ್ನು ಊಹಿಸಿ. ಹೂವು, ಬಾಳೆಕಂದು, ಆಟೊ, ಎಳನೀರು ಎಂದು ಮೂವತ್ತು, ಐವತ್ತು ರೂಪಾಯಿಯಂತೆ ಇಪ್ಪತ್ತು ಜನರ ಸ್ವಂತ ನಂಬರಿಗೆ ಹಾಕಿದವರ ಖಾತೆಯಿಂದ ಒಟ್ಟು ಸಾವಿರವೂ ಹೋಗಿರುವುದಿಲ್ಲ. ಆದರೂ ಇಪ್ಪತ್ತೊಂದನೆಯದು ನಿಲ್ಲುತ್ತದೆ. ಬ್ಯಾಂಕ್ ಹಿಂದಿರುಗಿಸುವ ಸಂಕೇತ Z7, ಅಂದರೆ ಸಲಗಳ ಮಿತಿ ಮೀರಿದೆ. ಹಣವೇ ಸಾಲದಿದ್ದರೆ ಅದು Z9 ಆಗುತ್ತಿತ್ತು. ಅದೇ ಗಳಿಗೆಯಲ್ಲಿ ಪಕ್ಕದ ಅಂಗಡಿಯ ವ್ಯಾಪಾರಿ ಕ್ಯೂಆರ್‌ಗೆ ಹಾಕಿದರೆ ಹಣ ಹೋಗಬಹುದು, ಏಕೆಂದರೆ ವ್ಯಾಪಾರಿ ಪಾವತಿ ಆ 20ರ ಎಣಿಕೆಗೆ ಸೇರುವುದಿಲ್ಲ. ಹಾಗಾಗಿ 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಸಣ್ಣ ಅಂಗಡಿಗಳು ಕ್ಯೂಆರ್ ಕಿತ್ತದ್ದು ಗ್ರಾಹಕರಿಗೂ ಸಂಬಂಧಿಸಿದ ಸಂಗತಿಯೇ. ‘ನನ್ನ ನಂಬರಿಗೆ ಹಾಕಿ’ ಎಂದ ಕಡೆಯಲ್ಲೆಲ್ಲ ಒಂದೊಂದು ಸಲ ಖರ್ಚಾಗುತ್ತದೆ.

ಬೇರೆ ಆ್ಯಪ್ ತೆರೆದರೆ ಸಾಕಲ್ಲವೇ ಎಂಬುದು ಸಹಜ ಪ್ರಶ್ನೆ. ಆ್ಯಪ್ ತಾನೇ ಹಾಕಿದ ಮಿತಿಯಾದರೆ ಸಾಕು. ಬ್ಯಾಂಕಿನ ಮಿತಿಯಾದರೆ ಪ್ರಯೋಜನವಿಲ್ಲ, ಲೆಕ್ಕ ಖಾತೆಯ ಮೇಲಿರುತ್ತದೆ. ಇನ್ನೊಂದು ಬ್ಯಾಂಕಿನ ಖಾತೆಯಿಂದಾದರೆ ಹೋಗುತ್ತದೆ. ನನ್ನ ದುಡ್ಡಿಗೆ ನಿಮ್ಮ ಕಡಿವಾಣವೇಕೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಆದರೆ ಯುಪಿಐ ಹಣ ಕ್ಷಣದಲ್ಲಿ ಕೈದಾಟುತ್ತದೆ. ಪಿನ್ ಕದ್ದವನನ್ನು ಆಮೇಲೆ ಹಿಡಿಯುವುದಕ್ಕಿಂತ ಅವನು ಒಯ್ಯಬಹುದಾದ ಮೊತ್ತವನ್ನು ಮೊದಲೇ ಕಟ್ಟಿಹಾಕುವುದು ಸುಲಭ. ಹೊಸದಾಗಿ ನೋಂದಾಯಿಸಿದವರಿಗೆ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ಮಾತ್ರ ಬಿಡುವುದೂ ಇದಕ್ಕೇ. ಒಪ್ಪಲಾಗದ್ದು ಮಿತಿಯಲ್ಲ, ಕಾರಣ ಹೇಳದೆ ‘ಪಾವತಿ ವಿಫಲ’ ಎಂದಷ್ಟೇ ತೋರಿಸುವ ಪರದೆ.

2025ರ ಸೆಪ್ಟೆಂಬರ್ 15ರಿಂದ ವಿಮೆ, ಷೇರುಪೇಟೆಯಂಥ ಕೆಲವು ವರ್ಗದ ವ್ಯಾಪಾರಿಗಳಿಗೆ ಸಲಕ್ಕೆ 5 ಲಕ್ಷದವರೆಗೆ ಕೊಡಬಹುದು. ಬಸವೇಶ್ವರನಗರದ ಮನೆ ಮಾಲೀಕರಿಗೆ ಕೊಡುವ ಅಡ್ವಾನ್ಸ್ ಮಾತ್ರ ವ್ಯಕ್ತಿಗೆ ಹೋಗುವ ಹಣವಾದ್ದರಿಂದ 1 ಲಕ್ಷಕ್ಕೇ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ನೆಫ್ಟ್ ಬಳಸಿ.