ಉಪ್ಪಿನಲ್ಲಿ ಅಯೋಡಿನ್ ಎಷ್ಟಿದೆ: ಹೈಪೋ ಅನುಮಾಪನ ನಡೆದುಬಂದ ದಾರಿ

ಅಂಗಡಿಯಲ್ಲಿ ಸಿಗುವ ಅಯೋಡೀಕೃತ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು ಎನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಹತ್ತು ಗ್ರಾಂ ಉಪ್ಪಿಗೆ ಲೆಕ್ಕ ಹಾಕಿದರೆ ಇದು ಬರೀ 0.15 ಮಿಲಿಗ್ರಾಂ. ಸಾಮಾನ್ಯ ತಕ್ಕಡಿಗೆ ಸಿಗದ ಈ ಪ್ರಮಾಣವನ್ನು ಕಾಲೇಜಿನ ಲ್ಯಾಬಿನಲ್ಲಿರುವ ಬ್ಯೂರೆಟ್ ಅಳೆದುಕೊಡುತ್ತದೆ. ಇದರ ಹಿಂದಿನ ರಸಾಯನಶಾಸ್ತ್ರ ಹತ್ತೊಂಬತ್ತನೇ ಶತಮಾನದಿಂದೀಚೆಗೆ ಹೆಚ್ಚೇನೂ ಬದಲಾಗಿಲ್ಲ. ಬೆಳೆದಿರುವುದು ಈ ವಿಧಾನ ಎಲ್ಲೆಲ್ಲಿ ತಪ್ಪು ಉತ್ತರ ಕೊಡುತ್ತದೆ ಎಂಬ ತಿಳಿವಳಿಕೆ.

1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಕಡಲಕಳೆಯ ಬೂದಿಯಿಂದ ಅಯೋಡಿನ್ ಪಡೆದರು. ಮೂರು ವರ್ಷಗಳಲ್ಲೇ, ಅಯೋಡಿನ್ ತಾಗಿದರೆ ಗಂಜಿಪಿಷ್ಟ ಕಡುನೀಲಿಯಾಗುತ್ತದೆ ಎಂಬುದು ಗೊತ್ತಾಯಿತು. ಅಯೋಡಿನ್ ಇದೆಯೋ ಇಲ್ಲವೋ ಎಂದು ಈ ನೀಲಿ ಹೇಳುತ್ತಿತ್ತು. ಎಷ್ಟಿದೆ ಎಂದು ಹೇಳುತ್ತಿರಲಿಲ್ಲ. 1853ರಲ್ಲಿ ಜರ್ಮನಿಯ ರಾಬರ್ಟ್ ಬುನ್ಸೆನ್, ಬಿಡುಗಡೆಯಾದ ಅಯೋಡಿನ್ನನ್ನು ಸಲ್ಫ್ಯೂರಸ್ ಆಮ್ಲದಿಂದ ಅಳೆಯುವ ಕ್ರಮ ರೂಪಿಸಿದರು. ಆದರೆ ಆ ಆಮ್ಲ ಗಾಳಿಗೆ ಬೇಗ ಕೆಡುತ್ತದೆ. ಅದೇ ವರ್ಷ ಕಾರ್ಲ್ ಶ್ವಾರ್ಜ್ ಅದರ ಜಾಗಕ್ಕೆ ಸೋಡಿಯಂ ಥಯೋಸಲ್ಫೇಟನ್ನು ತಂದರು. ಫೋಟೋ ಸ್ಟುಡಿಯೊಗಳಲ್ಲಿ ಹೈಪೋ ಎಂದು ಕರೆಯುತ್ತಿದ್ದದ್ದು ಇದನ್ನೇ. ಒಂದು ಅಯೋಡಿನ್ ಅಣುವಿಗೆ ಎರಡು ಥಯೋಸಲ್ಫೇಟ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಂದಿನ ಅಳತೆ ನಿಂತಿರುವುದು ಈ ಲೆಕ್ಕದ ಮೇಲೆ.

ಗಳಗಂಡ ತಡೆಯಲು ಉಪ್ಪಿಗೆ ಅಯೋಡಿನ್ ಬೆರೆಸುವ ಕೆಲಸ ಸ್ವಿಟ್ಜರ್ಲೆಂಡಿನಲ್ಲಿ 1922ರಲ್ಲಿ, ಅಮೆರಿಕದ ಮಿಷಿಗನ್ನಿನಲ್ಲಿ 1924ರಲ್ಲಿ ಶುರುವಾಯಿತು. ಅಲ್ಲಿ ಬಳಸಿದ್ದು ಅಯೋಡೈಡ್. ನಮ್ಮಂಥ ಸೆಕೆ, ತೇವದ ನಾಡಿನಲ್ಲಿ ಅಯೋಡೈಡ್ ಗಾಳಿಯೊಡನೆ ವರ್ತಿಸಿ ಅಯೋಡಿನ್ನಾಗಿ ಹಾರಿಹೋಗುತ್ತದೆ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಪ್ರಯೋಗದಲ್ಲಿ ಒಂದು ವಲಯಕ್ಕೆ ಅಯೋಡೈಡ್, ಇನ್ನೊಂದಕ್ಕೆ ಅಯೋಡೇಟ್ ಬೆರೆಸಿದ ಉಪ್ಪು ಕೊಟ್ಟರು. ಗಳಗಂಡ ಎರಡೂ ಕಡೆ ಇಳಿಯಿತು. ಹೆಚ್ಚು ಸ್ಥಿರವಾದ ಪೊಟ್ಯಾಸಿಯಂ ಅಯೋಡೇಟ್ ಭಾರತದಲ್ಲಿ ಉಳಿದುಕೊಂಡಿತು.

ಈ ಆಯ್ಕೆಯಿಂದ ಅಳೆಯುವವರಿಗೂ ದೊಡ್ಡ ಅನುಕೂಲವಾಯಿತು. ಆಮ್ಲದಲ್ಲಿ ಅಯೋಡೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಸೇರಿಸಿದಾಗ ಆಗುವುದು ಇದು:

IO₃⁻ + 5I⁻ + 6H⁺ → 3I₂ + 3H₂O

ಉಪ್ಪಿನಿಂದ ಬಂದ ಒಂದು ಅಯೋಡಿನ್ ಪರಮಾಣು, ನಾವು ಹಾಕಿದ ಅಯೋಡೈಡಿನಿಂದ ಐದನ್ನು ಜೊತೆಗೆ ಎಳೆದುತರುತ್ತದೆ. ಹೀಗಾಗಿ ಅಳೆಯಬೇಕಾದದ್ದು ಆರು ಪಟ್ಟಾಗುತ್ತದೆ. ಈ ಹೆಚ್ಚಳ ಇಲ್ಲದಿದ್ದರೆ 15 ಪಿಪಿಎಂ ಉಪ್ಪಿಗೆ ಬ್ಯೂರೆಟ್ಟಿನಿಂದ ಬೀಳುತ್ತಿದ್ದದ್ದು ಸುಮಾರು ಐದೇ ಹನಿ. ಅದರಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ಲೆಕ್ಕ ಹಾಳು.

ಕ್ರಮ ಹೀಗಿದೆ. ಹತ್ತು ಗ್ರಾಂ ಉಪ್ಪನ್ನು 50 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, 2N ಗಂಧಕಾಮ್ಲ 1 ಮಿ.ಲೀ., ಶೇ. 10ರ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ 5 ಮಿ.ಲೀ. ಹಾಕಬೇಕು. ದ್ರಾವಣ ಹಳದಿಯಾಗುತ್ತದೆ. ಫ್ಲಾಸ್ಕಿಗೆ ಬಿರಡೆ ಹಾಕಿ ಹತ್ತು ನಿಮಿಷ ಕತ್ತಲಲ್ಲಿ ಇಡಬೇಕು: ಬೆಳಕಿದ್ದರೆ ಗಾಳಿಯ ಆಮ್ಲಜನಕವೂ ಅಯೋಡೈಡಿನಿಂದ ಅಯೋಡಿನ್ ಬಿಡಿಸುತ್ತದೆ, ಬಿರಡೆ ಇಲ್ಲದಿದ್ದರೆ ಹುಟ್ಟಿದ ಅಯೋಡಿನ್ ಹಾರಿಹೋಗುತ್ತದೆ. ಆಮೇಲೆ 0.005N ಹೈಪೋವನ್ನು ಹನಿಹನಿಯಾಗಿ ಬಿಡುತ್ತಾ ಫ್ಲಾಸ್ಕ್ ಅಲುಗಾಡಿಸಬೇಕು. ಬಣ್ಣ ತೆಳು ಹಳದಿಗೆ ಬಂದ ಮೇಲಷ್ಟೇ ಗಂಜಿ ದ್ರಾವಣ ಹಾಕಬೇಕು. ಮೊದಲೇ ಹಾಕಿದರೆ ಗಂಜಿ ಅಯೋಡಿನ್ನನ್ನು ಬಿಗಿಯಾಗಿ ಹಿಡಿದುಕೊಂಡು, ಹೈಪೋಗೆ ತಡವಾಗಿ ಬಿಟ್ಟುಕೊಡುತ್ತದೆ. ನೀಲಿ ಮೊದಲ ಸಲ ಪೂರ್ತಿ ಮಾಯವಾದದ್ದೇ ಕೊನೆಯ ಬಿಂದು. ಕೆಲ ನಿಮಿಷಗಳ ನಂತರ ನೀಲಿ ಮರಳಿದರೆ ಅದು ಗಾಳಿಯ ಕೆಲಸ, ಮತ್ತೆ ಹೈಪೋ ಬಿಡಬಾರದು. ಗಂಜಿ ಹಾಕಿದಾಗ ನೀಲಿಯ ಬದಲು ಕೆಂಪು ಛಾಯೆ ಬಂದರೆ ಗಂಜಿ ಹಳಸಿದೆ ಎಂದರ್ಥ.

ಬ್ಯೂರೆಟ್ 1.4 ಮಿ.ಲೀ. ತೋರಿಸಿತೆನ್ನಿ. ಹತ್ತು ಗ್ರಾಂ ಉಪ್ಪಿಗೆ ಒಂದು ಮಿ.ಲೀ. ಹೈಪೋ ಅಂದರೆ 10.58 ಪಿಪಿಎಂ. ಹಾಗಾಗಿ ಉತ್ತರ 14.8, ಉಪ್ಪು ಕೂದಲೆಳೆಯಲ್ಲಿ ಅನುತ್ತೀರ್ಣ. ಒಂದು ಹನಿ ಸುಮಾರು ಅರ್ಧ ಪಿಪಿಎಮ್ಮಿಗೆ ಸಮ. ಆದ್ದರಿಂದ ಇಂಥ ಗಡಿಯಲ್ಲಿ ಒಂದೇ ಅಳತೆ ನೋಡಿ ತೀರ್ಪು ಕೊಡುವಂತಿಲ್ಲ.

ಈಗ ಹೈಪೋ ಹಳತಾಗಿದೆ ಎಂದುಕೊಳ್ಳೋಣ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಬ್ಯಾಕ್ಟೀರಿಯಾ, ಬೆಳಕು ಎಲ್ಲವೂ ಅದನ್ನು ಮೆಲ್ಲನೆ ಕೆಡಿಸುತ್ತವೆ. 0.005 ಇದ್ದದ್ದು 0.0045ಕ್ಕೆ ಇಳಿದಿದ್ದರೆ ಅದೇ ಉಪ್ಪಿಗೆ 1.56 ಮಿ.ಲೀ. ಬೇಕಾಗುತ್ತದೆ. ಹಳೆಯ ಅಂಕಿಯಿಂದಲೇ ಗುಣಿಸಿದರೆ ಉತ್ತರ 16.5 ಪಿಪಿಎಂ! ಕೊರತೆಯ ಉಪ್ಪು ಪಾಸಾಗಿಬಿಡುತ್ತದೆ. ಈ ವಿಧಾನದಲ್ಲಿ ನಾನು ಅತಿ ಅಪಾಯಕಾರಿ ಎಂದು ಎಣಿಸುವ ತಪ್ಪು ಇದು, ಏಕೆಂದರೆ ಬಣ್ಣದಲ್ಲಾಗಲಿ ನಡಿಗೆಯಲ್ಲಾಗಲಿ ಯಾವ ಸುಳಿವೂ ಸಿಗುವುದಿಲ್ಲ. ಪತ್ತೆಹಚ್ಚಲು ಇರುವ ದಾರಿ ಒಂದೇ. ಶುದ್ಧ ಪೊಟ್ಯಾಸಿಯಂ ಅಯೋಡೇಟ್ 0.178 ಗ್ರಾಂ ತೂಗಿ ಒಂದು ಲೀಟರ್ ದ್ರಾವಣ ಮಾಡಿ, ಅದರ 10 ಮಿ.ಲೀ.ಗೆ ಆಮ್ಲ, ಅಯೋಡೈಡ್ ಹಾಕಿ ಅದೇ ಹೈಪೋದಿಂದ ಅಳೆಯುವುದು. ಸರಿಯಿದ್ದರೆ 10 ಮಿ.ಲೀ. ಹೋಗುತ್ತದೆ; 11.1 ಹೋದರೆ ಹೈಪೋ 0.0045ಕ್ಕೆ ಇಳಿದಿದೆ. ಉಪ್ಪಿಲ್ಲದೆ ಬರೀ ನೀರಿಗೂ ಒಮ್ಮೆ ಇದೇ ಕ್ರಮ ನಡೆಸಿ, ಬಂದ ಅಂಕಿಯನ್ನು ಕಳೆಯಬೇಕು. ಅಯೋಡೈಡ್ ದ್ರಾವಣ ಬಾಟಲಿಯಲ್ಲೇ ಹಳದಿಯಾಗಿದ್ದರೆ ಚೆಲ್ಲಿಬಿಡಬೇಕು.

ಉಪ್ಪಿನ ಕಡೆಯಿಂದಲೂ ತೊಂದರೆಗಳಿವೆ. ಅಯೋಡೇಟನ್ನು ಸಿಂಪಡಿಸಿ ಬೆರೆಸುವುದರಿಂದ ಅದು ಚೀಲದ ತುಂಬ ಒಂದೇ ಸಮ ಇರುವುದಿಲ್ಲ. ತೇವ ಹಿಡಿದ ಚೀಲದಲ್ಲಿ ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಸಂಸ್ಕರಿಸದ ಹರಳುಪ್ಪಿನಲ್ಲಿ ಈ ಏರುಪೇರು ಇನ್ನೂ ಹೆಚ್ಚು. ಅಂಥ ಉಪ್ಪಿಗೆ 50 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ, ಒಟ್ಟು 250 ಮಿ.ಲೀ. ದ್ರಾವಣ ಮಾಡಿ, ಅದರಿಂದ 50 ಮಿ.ಲೀ. ತೆಗೆದು ಅಳೆಯುವುದು ಲೇಸು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಂಥ ಗದ್ದೆಯುಪ್ಪಿನಲ್ಲಿ ಮಣ್ಣಿನ ಅಂಶ ಇರುತ್ತದೆ. ಫೆರಿಕ್ ರೂಪದ ಕಬ್ಬಿಣ ಕರಗಿ ಬಂದರೆ ಅದೂ ಅಯೋಡೈಡಿನಿಂದ ಅಯೋಡಿನ್ ಬಿಡಿಸಿ ಅಂಕಿಯನ್ನು ಏರಿಸುತ್ತದೆ. ಕಬ್ಬಿಣ ಸೇರಿಸಿದ ಉಪ್ಪಿಗೂ ಇದೇ ಮಾತು. ಅಲ್ಲಿ ಗಂಧಕಾಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಳಸಿದರೆ ಅದು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಗಂಟುಕಟ್ಟದಿರಲು ಕಾರ್ಬೊನೇಟ್ ಬೆರೆಸಿದ್ದರೆ ಆಮ್ಲ ಅದಕ್ಕೇ ಖರ್ಚಾಗಿ ಕ್ರಿಯೆ ಅರ್ಧಕ್ಕೆ ನಿಲ್ಲಬಹುದು. ಆಮ್ಲ ಹಾಕಿದಾಗ ಗುಳ್ಳೆ ಎದ್ದರೆ ಇನ್ನಷ್ಟು ಹಾಕಬೇಕು.

ಅಮೆರಿಕದಿಂದ ಬಂದ ನೆಂಟರು ತಂದ ಉಪ್ಪಿನ ಡಬ್ಬಿಯನ್ನು ಇದೇ ರೀತಿ ಅಳೆದರೆ ಅಯೋಡಿನ್ ಇಲ್ಲವೇ ಇಲ್ಲ ಎಂಬ ಉತ್ತರ ಬರಬಹುದು, ಏಕೆಂದರೆ ಅಲ್ಲಿ ಇಂದಿಗೂ ಸಾಮಾನ್ಯವಾಗಿ ಹಾಕುವುದು ಅಯೋಡೈಡ್. ಅದನ್ನು ಮೊದಲು ಬ್ರೋಮಿನ್ ನೀರಿನಿಂದ ಅಯೋಡೇಟಾಗಿಸಿ, ಉಳಿದ ಬ್ರೋಮಿನ್ನನ್ನು ಪೂರ್ತಿ ಹೊರಹಾಕಿ ಆಮೇಲೆ ಅಳೆಯಬೇಕು.

ಮನೆಮನೆ ಸಮೀಕ್ಷೆಗಳಲ್ಲಿ ಬಳಸುವ ಹನಿ ಕಿಟ್ಟುಗಳು ಅಯೋಡಿನ್ ಇದೆ, ಇಲ್ಲ ಎಂಬುದಕ್ಕೆ ಸಾಕು. ಆದರೆ 12 ಪಿಪಿಎಂ ಯಾವುದು, 18 ಯಾವುದು ಎಂದು ಬಣ್ಣ ನೋಡಿ ಹೇಳಲು ಹೋಗಬಾರದು. ಅದಕ್ಕೆ ಬ್ಯೂರೆಟ್ಟೇ ಬೇಕು. ಈ ಪ್ರಯೋಗ ಮಾಡಿಸುವ ಉಪನ್ಯಾಸಕರಲ್ಲಿ, ವರದಿ ಬರೆಯುವ ಲ್ಯಾಬಿನವರಲ್ಲಿ ಒಂದು ಕೋರಿಕೆ: ಪಿಪಿಎಂ ಅಂಕಿಯ ಪಕ್ಕದಲ್ಲಿ ಹೈಪೋವನ್ನು ಕೊನೆಯ ಸಲ ಅಯೋಡೇಟಿನಿಂದ ಪರೀಕ್ಷಿಸಿದ ತಾರೀಖನ್ನೂ ಆಗ ಬಂದ ಬಲವನ್ನೂ ತಪ್ಪದೆ ಬರೆಯಿರಿ.