ಬಿಡಿನೋಟ ಚಿತ್ರ (ಪೀಠೋಪಕರಣ ಜೋಡಣೆ)

ಬಿಡಿನೋಟ ಚಿತ್ರವೆಂದರೆ ಒಂದು ವಸ್ತುವಿನ ಭಾಗಗಳನ್ನು, ಅವು ಕೂಡಿಕೊಳ್ಳುವ ದಿಕ್ಕಿನಲ್ಲಿಯೇ ಹೊರಕ್ಕೆ ಸರಿಸಿ, ದೂರ ದೂರವಿಟ್ಟು ತೋರಿಸುವ ರೇಖಾಚಿತ್ರ. ಎಕ್ಸ್‌ಪ್ಲೋಡೆಡ್ ವ್ಯೂ ಎಂಬ ಹೆಸರಿನಿಂದಲೂ ಇದು ಪರಿಚಿತ. ಲಿಯೊನಾರ್ಡೊ ಡ ವಿಂಚಿ ಭಾರ ಎತ್ತುವ ಯಂತ್ರವೊಂದನ್ನು ಹೀಗೆ ಬಿಡಿಸಿ ಚಿತ್ರಿಸಿದ್ದಾನೆ. ಚಪ್ಪಟೆ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಪೀಠೋಪಕರಣಗಳ ಕೈಪಿಡಿಗಳಲ್ಲಿ ಇಂದು ಇದರ ಬಳಕೆ ಸಾಮಾನ್ಯ.

ಸಂಖ್ಯೆ ನೀಡುವ ಕ್ರಮ

ಎರಡು ಪಕ್ಕದ ಹಲಗೆ, ಮೂರು ಅಡ್ಡಹಲಗೆ ಹಾಗೂ ಒಂದು ತೆಳುವಾದ ಹಿಂಬದಿ ಹಲಗೆಯುಳ್ಳ ಪುಸ್ತಕದ ಕಪಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಂಖ್ಯೆಯು ಭಾಗದ ಬಗೆಯನ್ನು ಸೂಚಿಸುತ್ತದೆಯೇ ಹೊರತು ಬಿಡಿ ತುಂಡನ್ನಲ್ಲ. ಮೂರು ಅಡ್ಡಹಲಗೆಗಳೂ ಅಳತೆಯಲ್ಲಿ, ರಂಧ್ರಗಳಲ್ಲಿ ಒಂದೇ ಆಗಿದ್ದರೆ ಅವಕ್ಕೆ 3 ಎಂಬ ಒಂದೇ ಸಂಖ್ಯೆ ಸಾಕು. ಪಕ್ಕದ ಹಲಗೆಗಳ ವಿಷಯ ಹಾಗಲ್ಲ. ಎಡಬಲದ ರಂಧ್ರಗಳು ಕನ್ನಡಿಯ ಬಿಂಬದಂತೆ ಅದಲುಬದಲಾಗಿರುತ್ತವೆ. ಆದುದರಿಂದ ಅವಕ್ಕೆ 1 ಮತ್ತು 2 ಎಂದು ಬೇರೆ ಸಂಖ್ಯೆ ಅಗತ್ಯ. ಇಲ್ಲಿ ಒಂದೇ ಸಂಖ್ಯೆ ಕೊಟ್ಟರೆ, ಹಲಗೆ ತಲೆಕೆಳಗಾಗಿ ನಿಂತಿರುವುದು ಜೋಡಿಸುವವರಿಗೆ ಅರ್ಧ ಕೆಲಸ ಮುಗಿದ ಮೇಲೆ ತಿಳಿಯುತ್ತದೆ.

ಪ್ರತಿ ಅಡ್ಡಹಲಗೆಯ ಒಂದೊಂದು ತುದಿಗೆ ಎರಡು ಮರದ ಗೂಟ, ಎರಡು ಬೋಲ್ಟು, ಎರಡು ಕ್ಯಾಮ್ ಬೇಕಾದರೆ, ಒಟ್ಟು ಆರು ತುದಿಗಳಿಗೆ ಪ್ರತಿಯೊಂದೂ 12 ಬೇಕು. ಚಿತ್ರದಲ್ಲಿ ಹನ್ನೆರಡನ್ನೂ ಬರೆದು, ಒಂದಕ್ಕೆ ಮಾತ್ರ ಸಂಖ್ಯೆಯ ವೃತ್ತವನ್ನು ಜೋಡಿಸಿ ಪಕ್ಕದಲ್ಲಿ ‘12×’ ಎಂದು ನಮೂದಿಸಿದರೆ ಚಿತ್ರ ಕಿಕ್ಕಿರಿಯುವುದಿಲ್ಲ.

ಚಿತ್ರಿಸುವ ವಿಧಾನ

ಮೊದಲು ಪೂರ್ಣಗೊಂಡ ಕಪಾಟನ್ನು ಸಮಮಾಪಕ ನೋಟದಲ್ಲಿ, ಅಂದರೆ ಅಗಲ ಮತ್ತು ಆಳದ ರೇಖೆಗಳನ್ನು ಅಡ್ಡರೇಖೆಗೆ 30 ಡಿಗ್ರಿ ಓರೆಯಾಗಿಟ್ಟು, ಬರೆಯಬೇಕು. ಬಳಿಕ ಪಕ್ಕದ ಹಲಗೆಗಳನ್ನು ಎಡಬಲಕ್ಕೂ ಹಿಂಬದಿ ಹಲಗೆಯನ್ನು ಹಿಂದಕ್ಕೂ ಸರಿಸಬೇಕು. ಬೋಲ್ಟು ಪಕ್ಕದ ಹಲಗೆಗೆ ತಿರುಗಿಸಿ ಕೂರಿಸುವಂಥದ್ದು. ಆದುದರಿಂದ ಅದು ಪಕ್ಕದ ಹಲಗೆಗೂ ಅಡ್ಡಹಲಗೆಗೂ ನಡುವೆ, ತನ್ನ ರಂಧ್ರದ ನೇರಕ್ಕೇ ಇರಬೇಕು. ಭಾಗವನ್ನೂ ರಂಧ್ರವನ್ನೂ ಸೇರಿಸುವ ತೆಳುವಾದ ತುಂಡುರೇಖೆ ಈ ನೇರವನ್ನು ತೋರಿಸುತ್ತದೆ.

ಕ್ಯಾಮ್ ಮಾತ್ರ ತೊಡಕಿನ ಭಾಗ. ಅದು ಅಡ್ಡಹಲಗೆಯ ಕೆಳಮುಖದ ಗುಳಿಯಲ್ಲಿ ಕೂರುವುದರಿಂದ ಮೇಲಿನಿಂದ ನೋಡಿದ ಚಿತ್ರದಲ್ಲಿ ಅದರ ಗುಳಿ ಕಾಣುವುದಿಲ್ಲ. ಇದಕ್ಕೆ ಪಕ್ಕದಲ್ಲೊಂದು ವೃತ್ತದೊಳಗೆ, ಕೆಳಗಿನಿಂದ ಕಂಡಂತೆ, ದೊಡ್ಡದಾಗಿ ಬರೆದು ತೋರಿಸುವುದೇ ಪರಿಹಾರ. ಕ್ಯಾಮ್ ಮೇಲಿನ ಬಾಣದ ಗುರುತು ಬೋಲ್ಟು ಒಳಬರುವ ಅಂಚಿನ ಕಡೆಗಿರುವುದನ್ನೂ ಅಲ್ಲಿ ತೋರಿಸಬೇಕು. ಇಲ್ಲದಿದ್ದರೆ ಬೋಲ್ಟಿನ ತಲೆ ಒಳಸೇರದು.

ಸಂಖ್ಯೆಯ ವೃತ್ತಗಳು ಒಂದೇ ಗಾತ್ರದವಾಗಿ, ಚಿತ್ರದ ಹೊರಗೆ ಸಾಲಾಗಿರಬೇಕು. ಸೂಚಕ ರೇಖೆಗಳು ಒಂದನ್ನೊಂದು ದಾಟಬಾರದು, ಹಲಗೆಯ ಅಂಚಿಗೆ ಸಮಾನಾಂತರವಾಗಿಯೂ ಇರಬಾರದು. ರೇಖೆ ಭಾಗದ ಮೇಲ್ಮೈಯೊಳಗೆ ಮುಗಿದರೆ ಚುಕ್ಕೆ, ಅಂಚಿನಲ್ಲಿ ಮುಗಿದರೆ ಬಾಣದ ತುದಿ ಇಡುವುದು ರೂಢಿ.

ಮಿತಿ

ಬಿಡಿನೋಟವು ಭಾಗದ ಸ್ಥಾನವನ್ನು ತಿಳಿಸುತ್ತದೆ, ಕೆಲಸದ ಕ್ರಮವನ್ನು ಪೂರ್ತಿ ತಿಳಿಸದು. ಹಿಂಬದಿ ಹಲಗೆಗೆ ಮೊಳೆ ಹೊಡೆಯುವ ಮೊದಲು ಕಪಾಟಿನ ಎರಡು ಕರ್ಣಗಳನ್ನೂ ಅಳೆದು, ಅವು ಸಮವಾಗುವವರೆಗೆ ಚೌಕಟ್ಟನ್ನು ಸರಿಪಡಿಸಬೇಕೆಂಬುದು ಇದರಲ್ಲಿ ಕಾಣುವುದಿಲ್ಲ. ಅದಕ್ಕೆ ಪ್ರತ್ಯೇಕ ಹಂತದ ಚಿತ್ರ ಬೇಕಾಗುತ್ತದೆ.